ಒಳಗಿರುವವರ ಹೆಸರನ್ನು ಕವರ್ ಲೆಟರ್‌ನಲ್ಲಿ ಹಾಕಬೇಕು, ಆದರೆ ವಶೀಲಿ ಅನ್ನಿಸಬಾರದು. ಹೇಗೆ?

ತುಂಗಾ_ತೀರ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸದಲ್ಲಿದ್ದೇನೆ. ಆಸ್ಪತ್ರೆಯ ಸಾಧನಗಳ ಸಾಫ್ಟ್‌ವೇರ್ ಟೆಸ್ಟ್ ಮಾಡಿಕೊಡುವುದು ನಮ್ಮ ಕೆಲಸ. ಈಗ ಒಂದು ದೊಡ್ಡ ಡಿವೈಸ್ ಕಂಪನಿಯಲ್ಲಿ ವೆರಿಫಿಕೇಶನ್ ಎಂಜಿನಿಯರ್ ಹುದ್ದೆ ಖಾಲಿ ಇದೆ. ನನ್ನ ಹಳೆಯ ಟೀಮ್ ಲೀಡ್ ಈಗ ಅಲ್ಲೇ ಇದ್ದಾರೆ. ನಿಜವಾದ ಹೆಸರು ಬೇಡ, ರೇಖಾ ಮೇಡಂ ಅಂತ ಇಟ್ಟುಕೊಳ್ಳಿ. "ಅಪ್ಲೈ ಮಾಡು, ನನ್ನ ಹೆಸರು ಹಾಕು" ಅಂತ ಅವರೇ ಹೇಳಿದ್ದಾರೆ.

ಹಾಕೋಣ ಅಂತ ಕೂತೆ. ಪತ್ರ ಇಂಗ್ಲಿಷ್‌ನಲ್ಲೇ ಇದೆ, ಅದರ ಶುರುವಿನ ಸಾಲುಗಳು ಕನ್ನಡದಲ್ಲಿ ಹೀಗಾಗುತ್ತವೆ:

"ನಿಮ್ಮ ಸಂಸ್ಥೆಯ ಸೀನಿಯರ್ ಮ್ಯಾನೇಜರ್ ಶ್ರೀಮತಿ ರೇಖಾ ಅವರು ನನಗೆ ಬಹಳ ಆತ್ಮೀಯರು. ಈ ಹುದ್ದೆಗೆ ಅವರು ನನ್ನನ್ನು ಬಲವಾಗಿ ಶಿಫಾರಸು ಮಾಡಿದ್ದಾರೆ. ನನ್ನ ಸಾಮರ್ಥ್ಯದ ಬಗ್ಗೆ ಅವರನ್ನೇ ಕೇಳಬಹುದು."

ಓದಿದರೆ ನನಗೇ ಮುಜುಗರ. "ನಾನು ಯಾರ ಕಡೆಯವಳು ಗೊತ್ತಾ" ಅಂತ ಹೇಳಿದ ಹಾಗಿದೆ. ತೆಗೆದುಹಾಕಿದರೆ ಮೇಡಂ ಕೊಟ್ಟ ಮಾತು ದಂಡ. ಏನು ಮಾಡಲಿ?

ಬೆಣ್ಣೆದೋಸೆ_ಪ್ರಿಯ

ಇದರಲ್ಲಿ ಮುಜುಗರ ಏನು ಬಂತು? ಹೆಸರು ಇದ್ದರೆ ಹಾಕಬೇಕು ಅಷ್ಟೇ. ನಾನಂತೂ ಮೇಲ್ ಸಬ್ಜೆಕ್ಟ್‌ನಲ್ಲೇ "ಇಂಥವರಿಂದ ರೆಫರ್ ಆದವನು" ಅಂತ ಹಾಕುತ್ತೇನೆ. ಎಚ್.ಆರ್. ದಿನಕ್ಕೆ ನೂರಾರು ಮೇಲ್ ನೋಡುತ್ತಾರೆ, ಕಣ್ಣಿಗೆ ಬೀಳಬೇಕಲ್ಲ. ರೇಖಾ ಮೇಡಂ ಅವರನ್ನು ಸಿ.ಸಿ.ಯಲ್ಲೂ ಇಡಿ.

ಅರೆಮನಸ್ಸು

ನಮ್ಮ ದೇಶದಲ್ಲಿ ವಶೀಲಿ ಇಲ್ಲದೆ ಏನೂ ನಡೆಯುವುದಿಲ್ಲ. ಅದಕ್ಕೆ ಇಂಗ್ಲಿಷ್‌ನಲ್ಲಿ ರೆಫರಲ್ ಅಂತ ಅಂದವಾದ ಹೆಸರು ಇಟ್ಟಿದ್ದಾರೆ.

ಕೆಂಗೇರಿ_ಲಾಸ್ಟ್_ಬಸ್

ಪತ್ರದಲ್ಲಿ ಯಾಕೆ? ರೆಸ್ಯುಮೆ ಕೊನೆಯಲ್ಲಿ ಇಬ್ಬರ ಹೆಸರು, ಫೋನ್ ನಂಬರ್ ಹಾಕುತ್ತಾರಲ್ಲ, ಅಲ್ಲಿ ಹಾಕಿದರೆ ಮುಗಿಯಿತು. ಅವರೇ ಫೋನ್ ಮಾಡಿ ವಿಚಾರಿಸಿಕೊಳ್ಳುತ್ತಾರೆ. ನನ್ನ ಹಿಂದಿನ ಕಂಪನಿಯವರು ಹಾಗೇ ನನ್ನ ಹಳೇ ಮ್ಯಾನೇಜರ್‌ಗೆ ಫೋನ್ ಮಾಡಿದ್ದರು.

ರಸಬಾಳೆ_ನಂಜನಗೂಡು

ಕೆಂಗೇರಿ ಸರ್, ನೀವು ಹೇಳುತ್ತಿರುವುದು ರೆಫರೆನ್ಸ್. ಕೆಲಸ ಹೆಚ್ಚು ಕಡಿಮೆ ಖಾತ್ರಿ ಆದಮೇಲೆ "ಈ ಮನುಷ್ಯ ಹೇಗೆ" ಅಂತ ಹೊರಗಿನವರನ್ನು ವಿಚಾರಿಸುವುದು ಅದು. ತುಂಗಾ ಕೇಳುತ್ತಿರುವುದು ಒಳಗಿನವರು ಮೊದಲೇ ಹೆಸರು ಕೊಡುವ ವಿಷಯ. ಎರಡೂ ಬೇರೆ.

ನಾನು ಬಹಳ ವರ್ಷ ನೇಮಕಾತಿ ವಿಭಾಗದಲ್ಲೇ ಇದ್ದವನು. ಪತ್ರದ ವಿಷಯಕ್ಕೆ ಆಮೇಲೆ ಬರುತ್ತೇನೆ. ಅದಕ್ಕಿಂತ ಮುಂಚೆ ಒಂದು ಪ್ರಶ್ನೆ. ತುಂಗಾ, ರೇಖಾ ಅವರು ತಮ್ಮ ಕಂಪನಿಯ ಪೋರ್ಟಲ್‌ನಲ್ಲಿ ನಿಮ್ಮನ್ನು ರೆಫರ್ ಮಾಡಿದ್ದಾರಾ, ಅಥವಾ ಬಾಯಿಮಾತಿನಲ್ಲಿ "ಹೆಸರು ಹಾಕು" ಅಂದಿದ್ದಾರಾ?

ಯಾಕೆ ಕೇಳಿದೆ ಅಂದರೆ, ದೊಡ್ಡ ಕಂಪನಿಗಳಲ್ಲಿ ಅಧಿಕೃತ ರೆಫರಲ್ ಇರುವುದು ಸಿಸ್ಟಮ್‌ನಲ್ಲಿ. ಉದ್ಯೋಗಿ ತನ್ನ ಲಾಗಿನ್‌ನಿಂದ ನಿಮ್ಮ ರೆಸ್ಯುಮೆ ಹಾಕಬೇಕು, ಅಥವಾ ನಿಮಗೆ ಒಂದು ಲಿಂಕ್ ಕಳಿಸಬೇಕು. ಆ ಲಿಂಕ್‌ನಿಂದ ಹೋದರೆ ನಿಮ್ಮ ಅರ್ಜಿಯ ಮೇಲೆ "ರೆಫರಲ್" ಅಂತ ಗುರುತು ಬೀಳುತ್ತದೆ, ನೇಮಕಾತಿಯವರಿಗೆ ಅದು ಕಾಣುತ್ತದೆ. ನೀವು ಸೀದಾ ಕರಿಯರ್ ಪೇಜ್‌ಗೆ ಹೋಗಿ ಅಪ್ಲೈ ಮಾಡಿ ಪತ್ರದಲ್ಲಿ ಹೆಸರು ಬರೆದರೆ ಆ ಗುರುತು ಬೀಳುವುದಿಲ್ಲ. ಅರ್ಜಿಯನ್ನು ಮೊದಲ ಸುತ್ತಿನಲ್ಲಿ ನೋಡುವವರು ಕವರ್ ಲೆಟರ್ ತೆರೆಯದೇ ಇರುವುದೇ ಜಾಸ್ತಿ.

ಹಾಗಾಗಿ ಮೊದಲು ಅವರು ಹಾಕಲಿ, ಆಮೇಲೆ ನೀವು. ಉಲ್ಟಾ ಆದರೆ ಆಗಲೇ ಈ ಅಭ್ಯರ್ಥಿ ಇದ್ದಾರೆ ಅಂತ ಸಿಸ್ಟಮ್ ಹೇಳುತ್ತದೆ. ಸಾಮಾನ್ಯವಾಗಿ ಮೇಲ್ ಐಡಿ, ಫೋನ್ ನಂಬರ್ ನೋಡಿ ಅದು ಹಿಡಿಯುವುದು.

ತುಂಗಾ_ತೀರ

@ರಸಬಾಳೆ ಸರ್, ಬಾಯಿಮಾತೇ. ಅಂದರೆ ವಾಟ್ಸಾಪ್‌ನಲ್ಲಿ. ಪೋರ್ಟಲ್ ಬಗ್ಗೆ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಈಗಲೇ ಕೇಳುತ್ತೇನೆ. ಇನ್ನೂ ಅಪ್ಲೈ ಮಾಡಿಲ್ಲ, ಪುಣ್ಯ.

ಬೆಣ್ಣೆದೋಸೆ_ಪ್ರಿಯ

ಪೋರ್ಟಲ್ ಎಲ್ಲ ಬೋನಸ್‌ಗೋಸ್ಕರ. ರೆಫರ್ ಮಾಡಿದವರಿಗೆ ದುಡ್ಡು ಬರುತ್ತದೆ, ಅದಕ್ಕೇ ಅಷ್ಟು ಆಸಕ್ತಿ. ಅಭ್ಯರ್ಥಿಗೆ ಏನು ಲಾಭ?

ರಸಬಾಳೆ_ನಂಜನಗೂಡು

ಅರ್ಧ ಸರಿ. ಬೋನಸ್ ಇದೆ. ಎಷ್ಟೋ ಕಡೆ ಹೊಸಬರು ಸೇರಿ ಮೂರು ತಿಂಗಳು ನಿಂತಮೇಲೆ ಕೊಡುತ್ತಾರೆ, ಒಂದೊಂದು ಕಂಪನಿಯದು ಒಂದೊಂದು ನಿಯಮ. ಆದರೆ ಅಭ್ಯರ್ಥಿಗೂ ಲಾಭ ಇದೆ. ರೆಫರಲ್ ಗುರುತು ಇದ್ದ ಅರ್ಜಿಯನ್ನು ಒಬ್ಬ ಮನುಷ್ಯ ತೆರೆದು ನೋಡುವ ಸಾಧ್ಯತೆ ಜಾಸ್ತಿ. ಅಷ್ಟೇ, ಅದಕ್ಕಿಂತ ಹೆಚ್ಚಿಲ್ಲ. ಇಂಟರ್‌ವ್ಯೂನಲ್ಲಿ ಯಾರೂ ಒಂದು ಮಾರ್ಕ್ಸ್ ಜಾಸ್ತಿ ಕೊಡುವುದಿಲ್ಲ.

ಸಿ.ಸಿ. ವಿಷಯ ಮಾತ್ರ ದಯವಿಟ್ಟು ಮಾಡಬೇಡಿ. ಅವರ ಒಪ್ಪಿಗೆ ಇಲ್ಲದೆ ಆಫೀಸ್ ಮೇಲ್‌ನಲ್ಲಿ ಸೇರಿಸಿದರೆ, ಎಚ್.ಆರ್. ಉತ್ತರ ಕೊಡುವಾಗ ಅವರಿಗೂ ಹೋಗುತ್ತದೆ. ಇಬ್ಬರಿಗೂ ಇರಿಸುಮುರಿಸು.

ಕುಂದಾಪ್ರ_ಕಡ್ಲೆ

ರೆಫರ್ ಮಾಡುವವರ ಕಡೆಯಿಂದ ನಾನು ಹೇಳುತ್ತೇನೆ. ಹಳೇ ಕಾಲೇಜಿನ ಜೂನಿಯರ್ ಒಬ್ಬ ಲಿಂಕ್ಡ್‌ಇನ್‌ನಲ್ಲಿ ಮೆಸೇಜ್ ಹಾಕಿ, "ಅಣ್ಣ, ನಿಮ್ಮ ಕಂಪನಿಯಲ್ಲಿ ಹುದ್ದೆ ಇದೆಯಾ" ಅಂತ ಕೇಳಿದ. ಇದೆ, ಲಿಂಕ್ ಇಲ್ಲಿದೆ ನೋಡು ಅಂದೆ. ಅಷ್ಟೇ ಮಾತಾಡಿದ್ದು. ಎರಡು ವಾರ ಬಿಟ್ಟು ನಮ್ಮ ನೇಮಕಾತಿಯವರು ಚಾಟ್‌ನಲ್ಲಿ ಬಂದು, "ನೀವು ಇವನನ್ನು ಬಲವಾಗಿ ಶಿಫಾರಸು ಮಾಡಿದ್ದೀರಂತೆ, ಇವನ ಜೊತೆ ಯಾವ ಪ್ರಾಜೆಕ್ಟ್‌ನಲ್ಲಿ ಕೆಲಸ ಮಾಡಿದ್ದೀರಿ?" ಅಂತ ಕೇಳಿದರು. ನಾನು ಅವನ ಮುಖ ಸರಿಯಾಗಿ ನೋಡಿಲ್ಲ ಮಾರಾಯ್ರೆ!

ಸುಳ್ಳು ಹೇಳಲಿಲ್ಲ. "ಹುದ್ದೆ ಇದೆ ಅಂತ ತಿಳಿಸಿದ್ದೆ, ಕೆಲಸ ನೋಡಿಲ್ಲ" ಅಂದೆ. ಅವನ ಅರ್ಜಿ ಅಲ್ಲಿಗೇ ನಿಂತಿತು.

ರಸಬಾಳೆ_ನಂಜನಗೂಡು

ಕುಂದಾಪ್ರದವರು ಹೇಳಿದ್ದೇ ಅಸಲಿ ವಿಷಯ. ಹೆಸರು ಕಂಡ ಕೂಡಲೇ ನಾವು ಮಾಡುವ ಮೊದಲ ಕೆಲಸ ಆ ಉದ್ಯೋಗಿಗೆ ಒಂದು ಸಾಲಿನ ಮೆಸೇಜ್ ಹಾಕುವುದು: "ಇವರು ಗೊತ್ತಾ? ಹೇಗೆ?" ಪೋರ್ಟಲ್‌ನಲ್ಲೂ ಎಷ್ಟೋ ಕಡೆ ಆ ಪ್ರಶ್ನೆ ಇರುತ್ತದೆ. ಒಟ್ಟಿಗೆ ಕೆಲಸ ಮಾಡಿದ್ದೀರಾ, ಬರೀ ಪರಿಚಯವಾ, ಸಂಬಂಧಿಕರಾ ಅಂತ. ಉದ್ಯೋಗಿ ಅಲ್ಲಿ ಹೇಳುವುದಕ್ಕೂ ನಿಮ್ಮ ಪತ್ರದಲ್ಲಿ ಇರುವುದಕ್ಕೂ ತಾಳೆ ಆಗಬೇಕು. ಇವರು "ಆತ್ಮೀಯರು" ಅಂತ ಬರೆದು ಅವರು "ಪರಿಚಯ ಇದೆ" ಅಂದರೆ, ಅಭ್ಯರ್ಥಿ ಇನ್ನೂ ಏನೇನು ಉಬ್ಬಿಸಿ ಹೇಳಿದ್ದಾರೋ ಅಂತ ನಮಗೆ ಅನುಮಾನ ಶುರು.

ಈಗ ತುಂಗಾ ಅವರ ಮೂರು ಸಾಲು ನೋಡೋಣ. ಒಂದನೇ ಸಾಲಿನಲ್ಲಿ ರೇಖಾ ಅವರ ಪದವಿ ಇದೆ, ಆತ್ಮೀಯತೆ ಇದೆ. ಎರಡೂ ಓದುವವರಿಗೆ ಬೇಡ. ಪದವಿ ಅವರಿಗೆ ಗೊತ್ತು. ಆತ್ಮೀಯತೆಯಿಂದ ನೀವು ಒಳ್ಳೆ ಟೆಸ್ಟರ್ ಅಂತ ಗೊತ್ತಾಗುವುದಿಲ್ಲ. ಎರಡನೇ ಸಾಲು ರೇಖಾ ಅವರ ಅಭಿಪ್ರಾಯವನ್ನು ನೀವು ಹೇಳುತ್ತಿರುವುದು. ಅದನ್ನು ಅವರೇ ಹೇಳಬೇಕು. ಮೂರನೇ ಸಾಲು ಓದುವವರಿಗೆ ಕೆಲಸ ಹಚ್ಚುತ್ತದೆ. ಮೂರರಲ್ಲಿ ಒಂದರಲ್ಲೂ ನೀವು ಏನು ಮಾಡಿದ್ದೀರಿ ಅಂತ ಇಲ್ಲ. ಹೆಸರು ಜಂಬದಂತೆ ಕೇಳಿಸುವುದು ಅದಕ್ಕೇ. ಹೆಸರಿಗೂ ಕೆಲಸಕ್ಕೂ ಕೊಂಡಿ ಇಲ್ಲದೆ ಅದು ಸುಮ್ನೆ ನಿಂತಿದೆ.

ರೇಖಾ ಅವರು ನಿಮ್ಮ ಯಾವ ಕೆಲಸವನ್ನು ಕಣ್ಣಾರೆ ನೋಡಿದ್ದಾರೆ? ಅದನ್ನು ಹೇಳಿ. ಇಲ್ಲೇ ತಿದ್ದೋಣ.

ತುಂಗಾ_ತೀರ

ಇನ್ಫ್ಯೂಷನ್ ಪಂಪ್ ಪ್ರಾಜೆಕ್ಟ್. ಐ.ಸಿ.ಯು.ನಲ್ಲಿ ಔಷಧಿಯನ್ನು ಹನಿಹನಿಯಾಗಿ ಅಳತೆ ಪ್ರಕಾರ ಕೊಡುತ್ತದಲ್ಲ, ಆ ಯಂತ್ರ. ಅದರ ಅಲಾರಂಗಳ ಟೆಸ್ಟ್ ಕೇಸ್ ಬರೆಯುವುದು, ಓಡಿಸುವುದು ನನ್ನ ಪಾಲಿಗಿತ್ತು. ನಾನು ಬರೆದ ಪ್ರತಿ ಟೆಸ್ಟ್ ಪ್ರೋಟೋಕಾಲ್ ಮೇಡಂ ರಿವ್ಯೂ ಮಾಡಿ ಸಹಿ ಹಾಕಬೇಕಿತ್ತು. ಅವರು ಬಹಳ ಕಟ್ಟುನಿಟ್ಟು. "ನಿರೀಕ್ಷಿತ ಫಲಿತಾಂಶ" ಅನ್ನುವ ಕಾಲಂನಲ್ಲಿ "ಅಲಾರಂ ಬರಬೇಕು" ಅಂತ ಬರೆದರೆ ಕೆಂಪು ಶಾಯಿಯಲ್ಲಿ ವಾಪಸ್ಸು. ಎಷ್ಟು ಸೆಕೆಂಡಿನೊಳಗೆ, ಯಾವ ಶಬ್ದ, ಪರದೆ ಮೇಲೆ ಯಾವ ಮೆಸೇಜ್ ಅಂತ ಎಲ್ಲ ಬರೆಯಬೇಕು.

ಒಂದು ಸಲ ಟ್ಯೂಬ್ ಅಡಚಣೆಯ ಅಲಾರಂ ಟೆಸ್ಟ್ ಮಾಡುವಾಗ, ಕರೆಂಟ್‌ನಿಂದ ಬ್ಯಾಟರಿಗೆ ಬದಲಾಗುವ ಹೊತ್ತಿನಲ್ಲೇ ಟ್ಯೂಬ್ ಬ್ಲಾಕ್ ಮಾಡಿ ನೋಡಿದೆ. ಅಲಾರಂ ತಡವಾಗಿ ಬಂತು. ಆ ಟೆಸ್ಟ್ ಮೂಲ ಪಟ್ಟಿಯಲ್ಲಿ ಇರಲಿಲ್ಲ. ಆಮೇಲೆ ಮೇಡಂ ಅದನ್ನು ಪಟ್ಟಿಗೆ ಸೇರಿಸಿದರು.

ಮೈಸೂರ್_ಪೇಟ

ಅಯ್ಯೋ, ಇದನ್ನು ಬಿಟ್ಟು "ಆತ್ಮೀಯರು" ಅಂತ ಬರೆದಿದ್ದೀರಲ್ಲ!

ಹುಬ್ಬಳ್ಳಿ_ಮಿರ್ಚಿ

ಖರೇ. ಇದೇ ಪತ್ರ. ಹೆಸರು ಅಲ್ಲೇ ನಡುವೆ ಬಂದು ಹೋಗತದ.

ರಸಬಾಳೆ_ನಂಜನಗೂಡು

ಹೌದು, ಇದೇ ಬೇಕಾಗಿದ್ದು. ಹೀಗೆ ಬರೆದು ನೋಡಿ:

"ಈ ಹುದ್ದೆಯ ಬಗ್ಗೆ ನನಗೆ ತಿಳಿಸಿದವರು ನಿಮ್ಮ ಕ್ವಾಲಿಟಿ ವಿಭಾಗದ ರೇಖಾ ಅವರು. ಹಿಂದಿನ ಕಂಪನಿಯಲ್ಲಿ ಇನ್ಫ್ಯೂಷನ್ ಪಂಪ್ ಒಂದರ ಅಲಾರಂ ಟೆಸ್ಟ್‌ಗಳನ್ನು ನಾನು ಬರೆಯುತ್ತಿದ್ದೆ, ಅವನ್ನು ರಿವ್ಯೂ ಮಾಡುತ್ತಿದ್ದವರು ಅವರು. ವಿದ್ಯುತ್ ಬ್ಯಾಟರಿಗೆ ಬದಲಾಗುವ ಕ್ಷಣದಲ್ಲಿ ಅಲಾರಂ ಹೇಗೆ ವರ್ತಿಸುತ್ತದೆ ಎಂಬ ಟೆಸ್ಟ್ ಮೂಲ ಯೋಜನೆಯಲ್ಲಿ ಇರಲಿಲ್ಲ. ಅದನ್ನು ನಾನು ಸೇರಿಸಲು ಸೂಚಿಸಿದೆ."

ಇಲ್ಲಿ ರೇಖಾ ಅವರ ಹೆಸರಿಗೆ ಎರಡು ಕೆಲಸ ಇದೆ. ಹುದ್ದೆ ಹೇಗೆ ಗೊತ್ತಾಯಿತು ಅಂತ ಹೇಳುತ್ತದೆ, ಮುಂದಿನ ಮಾತಿಗೆ ಸಾಕ್ಷಿ ಯಾರು ಅಂತ ಹೇಳುತ್ತದೆ. ಎರಡು ಸಾಲು ಆದಮೇಲೆ ಹೆಸರು ಮತ್ತೆ ಬರಬಾರದು. ಮೂರನೇ ಸಾಲಿನಿಂದ ಪತ್ರ ನಿಮ್ಮದು.

ಇನ್ನೊಂದು ಎಚ್ಚರ. ಆ ದೋಷ ಸಿಕ್ಕಿದ ವಿಷಯ, ಗ್ರಾಹಕ ಕಂಪನಿಯ ಹೆಸರು, ಎಷ್ಟು ಸೆಕೆಂಡ್ ತಡ ಅನ್ನುವುದು ಯಾವುದನ್ನೂ ಪತ್ರದಲ್ಲಿ ಹಾಕಬೇಡಿ. ನೀವು ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿರುತ್ತೀರಿ. ರೇಖಾ ಅವರೂ ಅದೇ ಒಪ್ಪಂದದಲ್ಲಿ ಇದ್ದವರು. ಅವರ ಹೆಸರಿನ ಪಕ್ಕದಲ್ಲಿ ನೀವು ಗುಟ್ಟು ಬಿಟ್ಟುಕೊಟ್ಟರೆ ಅವರಿಗೂ ಕಷ್ಟ. ನಾನು "ಟೆಸ್ಟ್ ಸೂಚಿಸಿದೆ" ಅಂತ ಮಾತ್ರ ಹಾಕಿ, "ದೋಷ ಹಿಡಿದೆ" ಅನ್ನುವುದನ್ನು ಬಿಟ್ಟಿದ್ದು ಅದಕ್ಕೇ.

ಅರೆಮನಸ್ಸು

ಇಷ್ಟೆಲ್ಲ ಚೆನ್ನಾಗಿ ಕೆಲಸ ಮಾಡಿದ್ದರೆ ಹೆಸರೇ ಯಾಕೆ ಬೇಕು? ಹೆಸರು ತೆಗೆದು ಓದಿ. ಪತ್ರ ಇನ್ನೂ ನಿಲ್ಲುತ್ತದೆ.

ರಸಬಾಳೆ_ನಂಜನಗೂಡು

ಹೆಸರು ತೆಗೆದರೂ ಪತ್ರ ನಿಲ್ಲಬೇಕು, ಅದನ್ನು ಒಪ್ಪುತ್ತೇನೆ. ನಾನು ಕೂಡ ಹಾಗೆ ತೆಗೆದು ಓದಿ ನೋಡಲು ಹೇಳುತ್ತೇನೆ. ಆದರೆ ಹೆಸರು ಇದ್ದರೆ ನಾವು ಆ ಮಾತನ್ನು ಒಂದು ಮೆಸೇಜ್‌ನಲ್ಲಿ ಪರೀಕ್ಷಿಸಬಹುದು. ಹೆಸರು ಇಲ್ಲದಿದ್ದರೆ ಎಲ್ಲರೂ ಬರೆಯುವಂಥದ್ದೇ ಇನ್ನೊಂದು ಸಾಲು.

ಅರೆಮನಸ್ಸು

ಯಾರೂ ಪರಿಚಯ ಇಲ್ಲದ ಊರಿನ ಹುಡುಗರ ಗತಿ?

ರಸಬಾಳೆ_ನಂಜನಗೂಡು

ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಅನ್ಯಾಯ ಇದೆ.

ಬವೇರಿಯಾ_ಭಟ್ಟ

ಮ್ಯೂನಿಕ್‌ನಿಂದ. ಇಲ್ಲಿ ಅರ್ಜಿಯ ಜೊತೆ ಪತ್ರ ಹಾಕುವ ಪದ್ಧತಿ ಇನ್ನೂ ಗಟ್ಟಿಯಾಗಿದೆ, ಜರ್ಮನ್ ಕಂಪನಿಗಳಲ್ಲಿ ಎಷ್ಟೋ ಜನ ಅದನ್ನು ಓದುತ್ತಾರೆ. ಹೆಸರು ಹಾಕುವುದೂ ಇದೆ, ಆದರೆ ತೀರಾ ಒಣದಾಗಿ: ಇಂಥವರ ಜೊತೆ ಮಾತಾಡಿದಾಗ ಈ ಹುದ್ದೆ ಬಗ್ಗೆ ತಿಳಿಯಿತು, ಅಷ್ಟೇ. ಹೊಗಳಿಕೆ ಬಂದರೆ ಮುಖ ಸಿಂಡರಿಸುತ್ತಾರೆ. ನಮ್ಮಲ್ಲಿ "ಮಾನ್ಯ", "ಶ್ರೀಮತಿ", "ಗೌರವಾನ್ವಿತ" ಅಂತ ಏರಿಸುವ ಅಭ್ಯಾಸ. ಅದೇ ಅಭ್ಯಾಸ ಇಂಗ್ಲಿಷ್ ಪತ್ರಕ್ಕೂ ಬರುತ್ತದೆ ಅಂತ ನನಗೆ ಅನ್ನಿಸುತ್ತದೆ.

ಮೈಸೂರ್_ಪೇಟ

ಅಲ್ಲಿ ಚಳಿ ಹೇಗಿದೆ ಭಟ್ಟರೇ?

ಬವೇರಿಯಾ_ಭಟ್ಟ

ಕೇಳಬೇಡಿ. ಉಪ್ಪಿನಕಾಯಿ ಭರಣಿ ಖಾಲಿಯಾಗಿದೆ, ಅದು ಚಳಿಗಿಂತ ದೊಡ್ಡ ಸಮಸ್ಯೆ.

ತುಂಗಾ_ತೀರ

ಅಪ್‌ಡೇಟ್. ಮೇಡಂ ಜೊತೆ ಮಾತಾಡಿದೆ. ಅವರು ಪೋರ್ಟಲ್‌ನಲ್ಲಿ ಹಾಕಲು ಹೋದರೆ "ಈ ಅಭ್ಯರ್ಥಿ ಈಗಾಗಲೇ ಇದ್ದಾರೆ" ಅಂತ ಬಂತಂತೆ! ಆಮೇಲೆ ನೆನಪಾಯಿತು. ಹಿಂದೆ ಒಬ್ಬ ಕನ್ಸಲ್ಟೆನ್ಸಿಯವರು ನೌಕ್ರಿಯಲ್ಲಿ ನನ್ನ ಪ್ರೊಫೈಲ್ ನೋಡಿ ಫೋನ್ ಮಾಡಿದ್ದರು. ಅದೇ ಕಂಪನಿಯ ಬೇರೆ ಹುದ್ದೆಗೆ ರೆಸ್ಯುಮೆ ಕಳಿಸುತ್ತೇವೆ ಅಂದಿದ್ದರು. ಆಮೇಲೆ ಸುದ್ದಿಯೇ ಇಲ್ಲ. ಈಗ ಏನು, ಎಲ್ಲ ಹೋಯ್ತಾ?

ಬೆಣ್ಣೆದೋಸೆ_ಪ್ರಿಯ

ಹೊಸ ಮೇಲ್ ಐಡಿ ಮಾಡಿ, ಬೇರೆ ಫೋನ್ ನಂಬರ್ ಕೊಟ್ಟು ಹಾಕಿಸಿ. ಸಿಂಪಲ್.

ರಸಬಾಳೆ_ನಂಜನಗೂಡು

ಬೇಡವೇ ಬೇಡ. ಹೆಸರು, ಹುಟ್ಟಿದ ದಿನಾಂಕ, ಹಿಂದಿನ ಕಂಪನಿ ಎಲ್ಲ ಒಂದೇ ಇರುವಾಗ ಆಮೇಲೆ ಯಾವುದಾದರೂ ಹಂತದಲ್ಲಿ ಗೊತ್ತಾಗುತ್ತದೆ. ಆಗ ಬೇಕಂತಲೇ ಮಾಡಿದ್ದು ಅಂತ ಆಗುತ್ತದೆ. ರೇಖಾ ಅವರ ಮೇಲೂ ಬರುತ್ತದೆ, ಬೋನಸ್‌ಗೋಸ್ಕರ ಮಾಡಿಸಿದರು ಅಂತ.

ಇದು ತುಂಬಾ ಆಗುವ ಕಥೆ. ಕನ್ಸಲ್ಟೆನ್ಸಿಯವರು ಒಮ್ಮೆ ನಿಮ್ಮ ಹೆಸರು ಕೊಟ್ಟರೆ ಇಂತಿಷ್ಟು ತಿಂಗಳು ನೀವು ಅವರ ಅಭ್ಯರ್ಥಿ ಅಂತ ಲೆಕ್ಕ. ಆರು ತಿಂಗಳು ಅಂತ ಇಟ್ಟುಕೊಂಡಿರುವವರು ಇದ್ದಾರೆ, ಒಂದು ವರ್ಷ ಅನ್ನುವವರೂ ಇದ್ದಾರೆ. ಆ ಅವಧಿಯಲ್ಲಿ ನೀವು ಸೇರಿದರೆ ಕಮಿಷನ್ ಅವರಿಗೆ. ಅದಕ್ಕೇ ರೆಫರಲ್‌ಗೆ ಬೋನಸ್ ಲೆಕ್ಕ ಹಿಡಿಯುವುದಿಲ್ಲ. ಆದರೆ ಬೋನಸ್ ಇಲ್ಲ ಅಂದರೆ ನಿಮಗೆ ದಾರಿ ಇಲ್ಲ ಅಂತ ಅರ್ಥ ಅಲ್ಲ. ಹೀಗೆ ಮಾಡಿ: ರೇಖಾ ಅವರು ಆ ಹುದ್ದೆಯ ನೇಮಕಾತಿಯವರಿಗೆ ಸೀದಾ ಒಂದು ಮೇಲ್ ಹಾಕಲಿ. "ಇವರು ನಿಮ್ಮ ಸಿಸ್ಟಮ್‌ನಲ್ಲಿ ಬೇರೆ ಹುದ್ದೆಗೆ ಇದ್ದಾರೆ, ಈ ಹುದ್ದೆಗೂ ನೋಡಿ, ನನ್ನ ಜೊತೆ ಕೆಲಸ ಮಾಡಿದ್ದಾರೆ" ಅಂತ. ಅದೇ ಹೊತ್ತಿಗೆ ನೀವು ಹಳೇ ಮೇಲ್ ಐಡಿಯಿಂದಲೇ ಈ ಹುದ್ದೆಗೆ ಅರ್ಜಿ ಹಾಕಿ.

ಫಾರಂನಲ್ಲಿ `How did you hear about us?` ಅಂತ ಒಂದು ಪ್ರಶ್ನೆ ಬರುತ್ತದೆ. ಪಟ್ಟಿಯಲ್ಲಿ `Employee Referral` ಇದ್ದರೆ ಅದನ್ನೇ ಆರಿಸಿ, ಕೆಳಗೆ ಅವರ ಹೆಸರು ಅಥವಾ ಆಫೀಸ್ ಮೇಲ್ ಕೇಳಿದರೆ ಅವರನ್ನು ಕೇಳಿ ತುಂಬಿ. ಸಿಸ್ಟಮ್‌ನಲ್ಲಿ ಗುರುತು ಬಿದ್ದಿದ್ದರೆ ಪತ್ರದ ಆ ಎರಡು ಸಾಲು ಬರೀ ಶಿಷ್ಟಾಚಾರ. ಈಗ ಗುರುತು ಬೀಳದೇ ಇರುವುದರಿಂದ ಆ ಸಾಲುಗಳಿಗೇ ಬೆಲೆ.

ಕುಂದಾಪ್ರ_ಕಡ್ಲೆ

ಬೋನಸ್ ಬಾರದಿದ್ದರೆ ರೇಖಾ ಮೇಡಂ ಮೇಲ್ ಹಾಕುತ್ತಾರಾ ಅಂತ ನೋಡಿ. ಅಲ್ಲೇ ಗೊತ್ತಾಗುತ್ತದೆ 😀

ತುಂಗಾ_ತೀರ

ಹಾಕುತ್ತಾರಂತೆ. "ಬೋನಸ್ ಯಾರಿಗೆ ಬೇಕು, ನೀನು ಬಂದರೆ ನನ್ನ ರಿವ್ಯೂ ಕೆಲಸ ಕಮ್ಮಿ ಆಗುತ್ತದೆ" ಅಂದರು.

ಗಾಂಧಿಬಜಾರ್_ಗಣಪ

ನಂದೊಂದು ಪ್ರಶ್ನೆ, ಇದಕ್ಕೆ ಸಂಬಂಧಪಟ್ಟದ್ದೇ. ನಮ್ಮ ಸೋದರಮಾವ ಒಂದು ಕಂಪನಿಯಲ್ಲಿ ಫೈನಾನ್ಸ್‌ನಲ್ಲಿ ಇದ್ದಾರೆ. ನಾನು ಅಲ್ಲೇ ಅಕೌಂಟ್ಸ್‌ಗೆ ಅಪ್ಲೈ ಮಾಡುತ್ತಿದ್ದೇನೆ. "ಈ ಹುದ್ದೆ ಬಗ್ಗೆ ತಿಳಿಸಿದವರು ಇಂಥವರು" ಅಂತ ಅವರ ಹೆಸರು ಹಾಕಬಹುದಾ? ಸಂಬಂಧ ಹೇಳುವುದಿಲ್ಲ, ಇನಿಷಿಯಲ್ ಬೇರೆ ಬೇರೆ ಇದೆ.

ರಸಬಾಳೆ_ನಂಜನಗೂಡು

ಸಂಬಂಧ ಮುಚ್ಚಿಟ್ಟು ಹೆಸರು ಹಾಕಬೇಡಿ. ಎಷ್ಟೋ ಕಂಪನಿಗಳ ಅರ್ಜಿಯಲ್ಲಿ "ನಿಮ್ಮ ಸಂಬಂಧಿಕರು ಇಲ್ಲಿ ಕೆಲಸ ಮಾಡುತ್ತಾರಾ" ಅಂತ ನೇರವಾಗಿ ಕೇಳುತ್ತಾರೆ. ಅಲ್ಲಿ ಹೌದು ಅಂತ ಹಾಕಿ, ಯಾರು, ಯಾವ ವಿಭಾಗ ಅಂತ ತುಂಬಿ. ನಿಮ್ಮ ವಿಷಯದಲ್ಲಿ ಅವರು ಫೈನಾನ್ಸ್, ನೀವು ಅಕೌಂಟ್ಸ್, ಒಬ್ಬರ ಕೈಕೆಳಗೆ ಇನ್ನೊಬ್ಬರು ಬರುವ ಸಾಧ್ಯತೆ ಇದೆ. ಅದನ್ನು ಅವರು ಮೊದಲೇ ನೋಡಿಕೊಳ್ಳಬೇಕು. ಪತ್ರದಲ್ಲಂತೂ ಮಾವನ ಹೆಸರು ಬೇಡ. ಅವರು ನಿಮ್ಮ ಕೆಲಸ ನೋಡಿಲ್ಲ, ಬಾಲ್ಯ ನೋಡಿದ್ದಾರೆ.

ಗಾಂಧಿಬಜಾರ್_ಗಣಪ

ಬಾಲ್ಯ ನೋಡಿದ್ದಾರೆ ಅನ್ನುವುದೇ ಭಯ ಸರ್.

ಹುಬ್ಬಳ್ಳಿ_ಮಿರ್ಚಿ

ಫೋನ್ ಬಂದಾಗ ಏನು ಹೇಳಬೇಕು ಅದನ್ನೂ ಹೇಳ್ರಿ ಸರ್. ನನಗ ಒಮ್ಮೆ ಎಚ್.ಆರ್. ಫೋನ್ ಮಾಡಿ "ನಿಮಗ ಅವರು ಹೆಂಗ ಗೊತ್ತು" ಅಂತ ಕೇಳಿದ್ರು. ನಾ ತಡವರಿಸಿ ಅವರ ಊರು, ಮನೀ, ಮದುವೀಗೆ ಹೋಗಿದ್ದು ಎಲ್ಲಾ ಹೇಳಿಬಿಟ್ಟೆ.

ರಸಬಾಳೆ_ನಂಜನಗೂಡು

ಹಹಹ. ಮದುವೆ ಊಟದ ಮೆನು ಹೇಳಲಿಲ್ಲ ತಾನೇ?

ತುಂಗಾ ಅವರ ವಿಷಯದಲ್ಲಿ ಉತ್ತರ ಎರಡು ವಾಕ್ಯ. "ಹಿಂದಿನ ಕಂಪನಿಯಲ್ಲಿ ಅವರು ನನ್ನ ಟೀಮ್ ಲೀಡ್. ನನ್ನ ಟೆಸ್ಟ್ ಪ್ರೋಟೋಕಾಲ್‌ಗಳನ್ನು ಅವರು ರಿವ್ಯೂ ಮಾಡುತ್ತಿದ್ದರು." ಅಲ್ಲಿಗೆ ನಿಲ್ಲಿಸಿ. ಅವರು ಮುಂದೆ ಕೇಳಿದರೆ ಹೇಳಿ. ಇಲ್ಲಿ ಜನ ಎಡವುವುದು ಇನ್ನೊಂದು ಕಡೆ. "ರೇಖಾ ಹೇಳಿದರು, ನಿಮ್ಮ ಟೀಮ್‌ನಲ್ಲಿ ಇಬ್ಬರು ಬಿಟ್ಟುಹೋಗಿದ್ದಾರಂತೆ, ಬಜೆಟ್ ಇಷ್ಟಿದೆಯಂತೆ" ಅಂತ ಶುರು ಮಾಡುತ್ತಾರೆ. ನಿಮಗೆ ಒಳಗಿನ ಸುದ್ದಿ ಗೊತ್ತು ಅಂತ ತೋರಿಸಿಕೊಂಡಷ್ಟೂ ಅದನ್ನು ಹೊರಗೆ ಹೇಳಿದವರ ಕುರ್ಚಿ ಅಲುಗಾಡುತ್ತದೆ. ಸಂಬಳದ ವಿಷಯದಲ್ಲಂತೂ ಅವರ ಹೆಸರು ಎತ್ತಲೇಬೇಡಿ.

ಮೈಸೂರ್_ಪೇಟ

ಇಂಟರ್‌ವ್ಯೂ ಪ್ಯಾನಲ್‌ನಲ್ಲಿ ಬೇರೆ ಟೀಮಿನವರು ಇದ್ದರೆ? ರೇಖಾ ಮೇಡಂ ಹೆಸರು ಮತ್ತೆ ಹೇಳಬೇಕಾ?

ರಸಬಾಳೆ_ನಂಜನಗೂಡು

ನನ್ನ ಪ್ರಕಾರ ಬೇಡ. ಅವರು ಕೇಳಿದರೆ ಮಾತ್ರ. ಪ್ಯಾನಲ್‌ನವರಿಗೂ ರೇಖಾ ಅವರಿಗೂ ಸರಿ ಇದೆಯೋ ಇಲ್ಲವೋ ನಿಮಗೆ ಗೊತ್ತಿಲ್ಲ.

ಬವೇರಿಯಾ_ಭಟ್ಟ

ಇದಕ್ಕೆ ನಾನು ಒಪ್ಪುವುದಿಲ್ಲ. ಪತ್ರದಲ್ಲಿ ಬರೆದು ಎದುರಿಗೆ ಮುಚ್ಚಿಟ್ಟುಕೊಂಡರೆ ಅದೂ ವಿಚಿತ್ರ. ಪಂಪ್ ಪ್ರಾಜೆಕ್ಟ್ ಬಗ್ಗೆ ಕೇಳಿದಾಗ "ಆಗ ರಿವ್ಯೂ ಮಾಡುತ್ತಿದ್ದವರು ರೇಖಾ" ಅಂತ ಸಹಜವಾಗಿ ಬಂದರೆ ಬರಲಿ. ನಾನು ಪ್ಯಾನಲ್‌ನಲ್ಲಿ ಕೂತಿದ್ದೇನೆ, ಅದರಿಂದ ನನಗೆ ಉಪಯೋಗವೇ ಆಗಿದೆ.

ರಸಬಾಳೆ_ನಂಜನಗೂಡು

ನಾನು ಕಂಡ ಪ್ಯಾನಲ್‌ಗಳಲ್ಲಿ ಅದು ಎರಡೂ ಕಡೆ ತಿರುಗಿದೆ ಭಟ್ಟರೇ. ಇರಲಿ, ಒಂದೇ ಉತ್ತರ ಇಲ್ಲ.

ಕೆಂಗೇರಿ_ಲಾಸ್ಟ್_ಬಸ್

ಹಾಗಾದರೆ ರೆಸ್ಯುಮೆ ಕೊನೆಯಲ್ಲಿ ಹಾಕುವ ಇಬ್ಬರ ಹೆಸರು ತೆಗೆಯಬೇಕಾ? ಅದನ್ನು ಯಾರೂ ಹೇಳಲಿಲ್ಲ.

ಕುಂದಾಪ್ರ_ಕಡ್ಲೆ

ತೆಗೆಯಿರಿ ಸರ್. ಕೇಳಿದಾಗ ಕೊಟ್ಟರೆ ಸಾಕು. ಅವರ ನಂಬರ್ ಊರೆಲ್ಲ ಹಂಚುವುದು ಯಾಕೆ?

ತುಂಗಾ_ತೀರ

ಪತ್ರ ತಿದ್ದಿ ಮೇಡಂಗೆ ಕಳಿಸಿದೆ, ಅವರ ಬಗ್ಗೆ ಇರುವ ಸಾಲು ಅವರು ನೋಡಿಯೇ ಹೋಗಲಿ ಅಂತ. ಒಂದು ತಿದ್ದುಪಡಿ ಮಾಡಿದರು. "ಅಲಾರಂ ಟೆಸ್ಟ್‌ಗಳನ್ನು ನಾನು ಬರೆಯುತ್ತಿದ್ದೆ" ಅನ್ನುವ ಕಡೆ "ಬರೆದು, ಓಡಿಸಿ, ರಿಕ್ವೈರ್‌ಮೆಂಟ್‌ಗಳಿಗೆ ಟ್ರೇಸ್ ಮಾಡುತ್ತಿದ್ದೆ" ಅಂತ ಮಾಡಿಸಿದರು. ಈ ಕ್ಷೇತ್ರದಲ್ಲಿ ವೈದ್ಯಕೀಯ ಸಾಧನಗಳ ಸಾಫ್ಟ್‌ವೇರ್‌ಗೆ ಇರುವ ಮಾನದಂಡ ಐ.ಇ.ಸಿ. 62304 ಪ್ರಕಾರ ಯಾವ ರಿಕ್ವೈರ್‌ಮೆಂಟ್‌ಗೆ ಯಾವ ಟೆಸ್ಟ್ ಅಂತ ದಾಖಲೆ ಇರಲೇಬೇಕು, ಹುದ್ದೆಯ ವಿವರಣೆಯಲ್ಲೂ ಅದನ್ನೇ ಕೇಳಿದ್ದಾರೆ. ನನಗೆ ಹೊಳೆದೇ ಇರಲಿಲ್ಲ.

ಆದರೆ ಹೊಸ ತಲೆನೋವು. ಮೇಡಂ ಗುಟ್ಟಾಗಿ ಹೇಳಿದರು, ಅವರೂ ಬೇರೆ ಕಡೆ ನೋಡುತ್ತಿದ್ದಾರಂತೆ. ಎರಡು ತಿಂಗಳಲ್ಲಿ ಬಿಡಬಹುದು. ಆಗ ನನ್ನ ಪತ್ರದಲ್ಲಿ ಅವರ ಹೆಸರು ಇದ್ದರೆ ಉಲ್ಟಾ ಹೊಡೆಯುತ್ತದಾ?

ಬೆಣ್ಣೆದೋಸೆ_ಪ್ರಿಯ

ಮೇಡಂ ಹೋಗುವ ಹೊಸ ಕಂಪನಿಗೇ ಅಪ್ಲೈ ಮಾಡಿ 😂

ಅರೆಮನಸ್ಸು

ಮೊದಲ ಸಲ ಬೆಣ್ಣೆದೋಸೆ ಸರಿಯಾಗಿ ಹೇಳಿದ್ದಾರೆ.

ರಸಬಾಳೆ_ನಂಜನಗೂಡು

ಇವತ್ತು ಅವರು ಅಲ್ಲಿ ಉದ್ಯೋಗಿ, ಇವತ್ತು ನೀವು ಬರೆಯುತ್ತಿರುವುದು ನಿಜ. ಅದರಲ್ಲಿ ತಪ್ಪಿಲ್ಲ. ನೋಟಿಸ್ ಕೊಟ್ಟಮೇಲೆ ಕೆಲವು ಕಡೆ ರೆಫರಲ್ ಬೋನಸ್ ಕೊಡುವುದಿಲ್ಲ, ಅದು ನಿಮಗೆ ಹೇಗೂ ಅನ್ವಯಿಸುವುದಿಲ್ಲ. ಮ್ಯಾನೇಜರ್ ಅವರ ಮೇಲೆ ಮುನಿಸಿಕೊಂಡರೆ ಅದರ ಬಿಸಿ ನಿಮಗೆ ತಟ್ಟಬಹುದು, ಇಲ್ಲ ಅನ್ನುವುದಿಲ್ಲ. ಆದರೆ ನಿಮ್ಮ ಪತ್ರದಲ್ಲಿ ಅವರು ಇರುವುದು ಎರಡು ಸಾಲು ಮಾತ್ರ, ಉಳಿದದ್ದು ಪಂಪ್. ಅವರು ಬಿಡುವ ಸುದ್ದಿಯನ್ನು ಮಾತ್ರ ನೀವು ಯಾರ ಹತ್ತಿರವೂ ಬಾಯಿ ಬಿಡಬೇಡಿ. ಇಲ್ಲೂ ಇನ್ನು ಸಾಕು.

ತುಂಗಾ_ತೀರ

ಆಯ್ತು ಸರ್. ಹಳೇ ಮೇಲ್ ಐಡಿಯಿಂದಲೇ ಅರ್ಜಿ ಹಾಕಿದೆ. ಮೇಡಂ ಅವರ ಮೇಲ್ ಕೂಡ ಹೋಗಿದೆ.

ಫ್ರೆಶರ್_ತುಮಕೂರು

ಎಲ್ಲ ಓದಿದೆ. ನಾನು ಈ ವರ್ಷ ಪಾಸ್ ಆದವನು. ನನ್ನ ಕೆಲಸ ನೋಡಿದವರು ಯಾರೂ ಇಲ್ಲ, ಲಿಂಕ್ಡ್‌ಇನ್‌ನಲ್ಲಿ ಒಬ್ಬರು "ರೆಫರ್ ಮಾಡುತ್ತೇನೆ" ಅಂದಿದ್ದಾರೆ, ಅಷ್ಟೇ. ನಾನು ಪತ್ರದಲ್ಲಿ ಏನು ಬರೆಯಲಿ?

ಕುಂದಾಪ್ರ_ಕಡ್ಲೆ

ಮೊದಲು ಅವರಿಗೆ ನಿಮ್ಮ ಫೈನಲ್ ಇಯರ್ ಪ್ರಾಜೆಕ್ಟ್ ಕಳಿಸಿ, ಹತ್ತು ನಿಮಿಷ ನೋಡಿ ಅಭಿಪ್ರಾಯ ಹೇಳಿ ಅಂತ ಕೇಳಿ. ನೋಡಿದರೆ "ನನ್ನ ಪ್ರಾಜೆಕ್ಟ್ ನೋಡಿ ಈ ಹುದ್ದೆಗೆ ಅರ್ಜಿ ಹಾಕಲು ಹೇಳಿದರು" ಅಂತ ಬರೆಯಬಹುದು, ಅದು ನಿಜವೂ ಆಗಿರುತ್ತದೆ. ನೋಡದಿದ್ದರೆ ಅವರ ಲಿಂಕ್‌ನಿಂದ ಅಪ್ಲೈ ಮಾಡಿ, ಪತ್ರದಲ್ಲಿ ಹೆಸರು ಎತ್ತಬೇಡಿ.

ಫ್ರೆಶರ್_ತುಮಕೂರು

ಪ್ರಾಜೆಕ್ಟ್ ಅರ್ಧ ನನ್ನ ಫ್ರೆಂಡ್ ಮಾಡಿದ್ದು ಅಣ್ಣ.

ಕುಂದಾಪ್ರ_ಕಡ್ಲೆ

ನೀವು ಮಾಡಿದ ಅರ್ಧ ಕಳಿಸಿ ಮಾರಾಯ್ರೆ.